ವ್ಯಾಪಾರಕ್ಕಿಂತ ಮೊದಲು ಹುಟ್ಟಿದ ನಂಬರು

ಸಣ್ಣ ಅಂಗಡಿಗಳ ಲೆಕ್ಕದ ಬಗ್ಗೆ ಎಲ್ಲರೂ ಒಪ್ಪಿಕೊಂಡಿರುವ ಕಥೆ ಓದುಗರಿಗೆ ಗೊತ್ತೇ ಇದೆ. ಕಾರ್ಬನ್ ಹಾಳೆ ಇಟ್ಟು ಬರೆಯುವ ಬಿಲ್ ಬುಕ್ಕು ಹಳೆಯ ಕಾಲದ್ದು, ಅದರಲ್ಲಿ ಕೂಡುವ ತಪ್ಪು ಹೆಚ್ಚು, ಮೋಸಕ್ಕೆ ದಾರಿ ಹೆಚ್ಚು. ಬಿಲ್ಲಿಂಗ್ ಸಾಫ್ಟ್‌ವೇರ್ ಬಂದ ದಿನದಿಂದ ಲೆಕ್ಕ ತಾನಾಗಿ ಹದಕ್ಕೆ ಬರುತ್ತದೆ. ತೆರಿಗೆ ಸಲಹೆಗಾರರು, ಸಾಫ್ಟ್‌ವೇರ್ ಮಾರುವವರು, ಅಂಗಡಿಯ ಮುಂದಿನ ತಲೆಮಾರಿನ ಮಕ್ಕಳು ಎಲ್ಲರೂ ಹೇಳುವುದು ಇದನ್ನೇ. ಈ ಕಥೆಯ ಮೊದಲರ್ಧದ ಬಗ್ಗೆ ನನ್ನ ತಕರಾರು ಸ್ವಲ್ಪ, ಎರಡನೆಯ ಅರ್ಧದ ಬಗ್ಗೆ ಪೂರ್ತಿ.

ನನ್ನ ವಾದ ಇಷ್ಟು. ಬಿಲ್ ಬುಕ್ಕಿನ ಶಕ್ತಿ ಇದ್ದದ್ದು ಅದರ ಕಾಗದದಲ್ಲೂ ಅಲ್ಲ, ಕಾರ್ಬನ್ನಿನಲ್ಲೂ ಅಲ್ಲ. ಗಿರಾಕಿ ಅಂಗಡಿಗೆ ಬರುವುದಕ್ಕೆ ಮೊದಲೇ ಅವನ ಬಿಲ್ಲಿನ ನಂಬರು ಪ್ರೆಸ್ಸಿನಲ್ಲಿ ಅಚ್ಚಾಗಿ ಕೂತಿರುತ್ತಿತ್ತು. ಸಾಫ್ಟ್‌ವೇರಿನಲ್ಲಿ ನಂಬರು ಹುಟ್ಟುವುದು ಬಿಲ್ಲನ್ನು ಸೇವ್ ಮಾಡಿದ ಮೇಲೆ. ಈ ಒಂದು ವ್ಯತ್ಯಾಸದಿಂದ ಇಡೀ ನಿಯಂತ್ರಣದ ಸ್ವರೂಪವೇ ಬದಲಾಗುತ್ತದೆ. ಸಾಫ್ಟ್‌ವೇರಿಗೆ ಬದಲಾದ ಹೆಚ್ಚಿನ ಅಂಗಡಿಗಳು ಬಿಲ್ಲಿನ ವಿನ್ಯಾಸವನ್ನು ಕಂಪ್ಯೂಟರಿಗೆ ತಂದವು, ನಂಬರಿನ ಶಿಸ್ತನ್ನು ಹಳೆಯ ಬುಕ್ಕಿನೊಳಗೇ ಬಿಟ್ಟು ಬಂದವು.

ಮೊದಲು ಆ ಶಿಸ್ತು ಹೇಗಿತ್ತೆಂದು ನೋಡಬೇಕು. ಪ್ರೆಸ್ಸಿನವರಿಗೆ ಬಿಲ್ ಬುಕ್ಕು ಹೇಳುವಾಗ ‘ಐವತ್ತರದ್ದು, ಎರಡು ಪ್ರತಿ’ ಅಥವಾ ‘ಮೂರು ಪ್ರತಿ’ ಎಂದು ಹೇಳುತ್ತೇವೆ. ನಂಬರಿಂಗ್ ಮೆಷಿನ್ನಿನಲ್ಲಿ ಒಂದೇ ನಂಬರನ್ನು ಎರಡು ಸಲ ಹೊಡೆದು ಮುಂದಕ್ಕೆ ಹೋಗುವಂತೆ, ಮೂರು ಪ್ರತಿಯಾದರೆ ಮೂರು ಸಲ ಹೊಡೆದು ಮುಂದಕ್ಕೆ ಹೋಗುವಂತೆ ತಿರುಗಿಸಿ ಇಡುವ ವ್ಯವಸ್ಥೆ ಇದೆ. ಬಿಳಿ ಹಾಳೆಗೂ ಅದರ ಕೆಳಗಿನ ಗುಲಾಬಿ ಅಥವಾ ಹಳದಿ ಹಾಳೆಗೂ ಒಂದೇ ನಂಬರು ಬೀಳುತ್ತದೆ. ಬಿಳಿ ಹಾಳೆಗೆ ಮಾತ್ರ ಹರಿಯಲು ತೂತಿನ ಸಾಲು ಇರುತ್ತದೆ. ನಕಲು ಪ್ರತಿ ಬೈಂಡಿಂಗಿಗೆ ಅಂಟಿಕೊಂಡೇ ಇರುತ್ತದೆ. ಗಿರಾಕಿಗೆ ಕೊಟ್ಟದ್ದು ಹೋಯಿತು, ಉಳಿದದ್ದು ಉಳಿಯಿತು. ಯಾರೋ ಒಂದು ನಕಲನ್ನೂ ಕಿತ್ತರೆ ಬುಡದಲ್ಲಿ ಹರುಕು ಉಳಿಯುತ್ತದೆ, ಹೊಲಿಗೆ ಸಡಿಲವಾಗುತ್ತದೆ, ಎಲ್ಲಕ್ಕಿಂತ ಮುಖ್ಯವಾಗಿ 2416 ಆದ ಮೇಲೆ 2418 ಬರುತ್ತದೆ. ಕಾಣೆಯಾದದ್ದು ಎದ್ದು ಕಾಣುತ್ತದೆ. ಲೆಕ್ಕ ಪರಿಶೋಧಕನಿಗೆ ಬೇಕಾದದ್ದು ಇದೇ: ಇದ್ದದ್ದು ಸರಿಯೇ ಎಂದು ನೋಡುವುದು ಸುಲಭ, ಇರಬೇಕಾಗಿದ್ದು ಇಲ್ಲ ಎಂದು ಕಂಡುಹಿಡಿಯುವುದು ಕಷ್ಟ. ಮೊದಲೇ ಅಚ್ಚಾದ ನಂಬರು ಆ ಕಷ್ಟದ ಕೆಲಸವನ್ನು ಎಣಿಕೆಯಷ್ಟು ಸುಲಭ ಮಾಡಿತ್ತು.

ನಮ್ಮ ಸಾರಿಗೆ ಬಸ್ಸುಗಳಲ್ಲಿ ಎಲೆಕ್ಟ್ರಾನಿಕ್ ಯಂತ್ರ ಬರುವುದಕ್ಕೆ ಮುಂಚೆ ಕಂಡಕ್ಟರುಗಳ ಕೈಯಲ್ಲಿ ಇರುತ್ತಿದ್ದ ವೇ ಬಿಲ್ಲನ್ನು ನೆನಪಿಸಿಕೊಳ್ಳಿ. ಡಿಪೊ ಬಿಡುವಾಗ ಪ್ರತಿ ದರದ ಟಿಕೆಟ್ ಕಟ್ಟಿನ ಮೊದಲ ನಂಬರು ಅದರಲ್ಲಿ ಬರೆದಿರುತ್ತಿತ್ತು. ಸ್ಟೇಜು ಬಂದಾಗ ಆವರೆಗೆ ಹರಿದ ಟಿಕೆಟ್ಟಿನ ನಂಬರನ್ನು ಕಂಡಕ್ಟರ್ ತುಂಬಬೇಕಿತ್ತು. ನಡುದಾರಿಯಲ್ಲಿ ತಪಾಸಣೆಯವರು ಹತ್ತಿದರೆ ಮೊದಲು ಕೇಳುತ್ತಿದ್ದದ್ದು ಆ ಹಾಳೆಯನ್ನು. ಹಣ ಎಣಿಸುವುದಕ್ಕಿಂತ ಮೊದಲು ನಂಬರು ನೋಡುತ್ತಿದ್ದರು. ಸರ್ಕಾರಿ ಕಚೇರಿಗಳಲ್ಲೂ ರಸೀದಿ ಪುಸ್ತಕವನ್ನು ಬಳಕೆಗೆ ತರುವ ಮುಂಚೆ ಹಾಳೆಗಳನ್ನು ಎಣಿಸಿ, ಇಷ್ಟಿವೆ ಎಂದು ಪುಸ್ತಕದಲ್ಲೇ ಬರೆದು ಅಧಿಕಾರಿ ಸಹಿ ಹಾಕುವ ಕ್ರಮ ಇದೆ. ಈ ಎರಡೂ ಕಡೆ ನಂಬರನ್ನು ಹಿಡಿದಿಡುವವನು ಬೇರೆ, ಟಿಕೆಟ್ ಹರಿಯುವವನು ಬೇರೆ. ಇದನ್ನು ಗಮನದಲ್ಲಿ ಇಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಬಿಲ್ ಬುಕ್ಕಿನ ಅಭಿಮಾನಿಗಳಿಗೂ ಇಲ್ಲಿ ಒಂದು ಮಾತು ಹೇಳಬೇಕು. ಬುಕ್ಕು ತಾನೇ ಏನನ್ನೂ ಕಾಯುವುದಿಲ್ಲ. ಪ್ರೆಸ್ಸಿಗೆ ಹೋಗಿ ‘2401ರಿಂದ 2450, ಇನ್ನೊಂದು ಬುಕ್ಕು’ ಎಂದರೆ ಅದೇ ನಂಬರಿನ ಎರಡನೆಯ ಬುಕ್ಕು ಅಚ್ಚಾಗಿ ಬರುತ್ತದೆ, ಯಾಕೆ ಎಂದು ಯಾರೂ ಕೇಳುವುದಿಲ್ಲ. ಹಾಗೆ ಜೋಡಿ ಬುಕ್ಕು ಇಟ್ಟುಕೊಂಡು ಮಾಲೀಕರೇ ವ್ಯಾಪಾರ ಮುಚ್ಚಿಟ್ಟದ್ದು ಗುಟ್ಟಿನ ಸಂಗತಿಯಲ್ಲ. ಕೌಂಟರಿನ ಹುಡುಗ ಕಾರ್ಬನ್ ತೆಗೆದು ಗಿರಾಕಿಗೆ 3,260 ರೂಪಾಯಿಯ ಬಿಲ್ ಬರೆದು, ಆಮೇಲೆ ನಕಲಿನಲ್ಲಿ 260 ಎಂದು ಬರೆದಿಟ್ಟದ್ದೂ ಉಂಟು. ಮೂರು ಪ್ರತಿಯ ಬುಕ್ಕಿನಲ್ಲಿ ಮೂರನೆಯದನ್ನು ಓದುವುದೇ ಸಾಹಸ. ಬುಕ್ಕುಗಳಿಗೇ ಒಂದು ರಿಜಿಸ್ಟರ್ ಇಟ್ಟು, ಪ್ರೆಸ್ಸಿನಿಂದ ಬಂದ ದಿನ, ಮೊದಲ ಮತ್ತು ಕೊನೆಯ ನಂಬರು, ಕೌಂಟರಿಗೆ ಕೊಟ್ಟ ದಿನ, ಯಾರ ಕೈಗೆ, ತುಂಬಿ ವಾಪಸ್ ಬಂದ ದಿನ ಎಂದು ಬರೆಯದ ಅಂಗಡಿಯಲ್ಲಿ ಬಿಲ್ ಬುಕ್ಕು ಬರೀ ಕಾಗದದ ಕಟ್ಟು. ಹಾಗೆ ಬರೆದಿಡುವ ಅಂಗಡಿಗಳು ಕಡಿಮೆ. ಇಷ್ಟನ್ನು ನಾನು ಒಪ್ಪುತ್ತೇನೆ.

ಆದರೆ ಈ ಮೋಸಗಳ ಗುಣವನ್ನು ನೋಡಿ. ಪ್ರತಿಯೊಂದೂ ಕಾಗದದ ಮೇಲೆ ಗುರುತು ಬಿಡುತ್ತದೆ. ಕಾರ್ಬನ್ ತೆಗೆದು ಬರೆದ ನಕಲಿನಲ್ಲಿ ಅಕ್ಷರ ನೇರವಾಗಿ ಪೆನ್ನಿನ ಶಾಯಿಯಲ್ಲಿ ಇರುತ್ತದೆ. ಕಾರ್ಬನ್ನಿನ ಮಬ್ಬು ಗೆರೆ ಅಲ್ಲಿರುವುದಿಲ್ಲ. ಜಾಣತನ ಮಾಡಿ ಕಾರ್ಬನ್ ಇಟ್ಟೇ ಎರಡನೆಯ ಸಲ ಬರೆದರೂ, ಬಿಳಿ ಹಾಳೆ ಬರೆಯುವಾಗ ಬಿದ್ದ ಒತ್ತು ಕೆಳಗಿನ ಹಾಳೆಯಲ್ಲಿ ಉಳಿದಿರುತ್ತದೆ. ನಕಲನ್ನು ಬೆಳಕಿಗೆ ಓರೆಯಾಗಿ ಹಿಡಿದರೆ 260ರ ಅಡಿಯಲ್ಲಿ 3,260ರ ಗೀರು ಕಾಣುತ್ತದೆ. ಜೋಡಿ ಬುಕ್ಕಿನಲ್ಲಿ ತಾರೀಖು ಹಿಂದುಮುಂದಾಗುತ್ತದೆ, ಕೈಬರಹ ಮತ್ತು ಪೆನ್ನು ಇಡೀ ತಿಂಗಳಿಗೆ ಒಂದೇ ಆಗಿರುತ್ತದೆ, ದಿನಾ ಕೈ ಮುಟ್ಟಿದ ಬುಕ್ಕಿನ ಕೊಳೆ ಅದರ ಅಂಚಿಗೆ ಹತ್ತಿರುವುದಿಲ್ಲ. ಮೋಸ ಹಿಡಿಯಲು ಗಣಿತ ಬೇಕಾಗಿರಲಿಲ್ಲ, ಕಣ್ಣು ಸಾಕಿತ್ತು.

ಈಗ ಅದೇ ಅಂಗಡಿಗೆ ಸಾಫ್ಟ್‌ವೇರ್ ಬಂದಿದೆ ಎಂದಿಟ್ಟುಕೊಳ್ಳಿ. ತಾಲೂಕು ಕೇಂದ್ರದ ಒಂದು ಹಾರ್ಡ್‌ವೇರ್ ಅಂಗಡಿ. ಮಾಲೀಕ, ಕೌಂಟರಿನಲ್ಲಿ ಒಬ್ಬ, ಗೋಡೌನಿನಲ್ಲಿ ಇಬ್ಬರು. ರಾತ್ರಿ ಎಂಟು ಮುಕ್ಕಾಲಿಗೆ ಕೊನೆಯ ಗಿರಾಕಿ ಬಂದು ಪಿವಿಸಿ ಪೈಪು, ಬೆಂಡು, ಸಾಲ್ವೆಂಟ್ ಕೊಂಡು 3,260 ರೂಪಾಯಿ ನಗದು ಕೊಟ್ಟ. ಬಿಲ್ ನಂಬರು 2417. ಥರ್ಮಲ್ ಕಾಗದದ ಬಿಲ್ ತೆಗೆದುಕೊಂಡು ಹೋದ. ಅವನು ಹೊರಗೆ ಹೋದ ಮೇಲೆ ಕೌಂಟರಿನವನು ಆ ಬಿಲ್ಲನ್ನು ಅಳಿಸಿದ. ಬೆಳಿಗ್ಗೆ ಮೊದಲ ಗಿರಾಕಿಗೆ 180 ರೂಪಾಯಿಯ ಬಿಲ್ ಆಯಿತು. ಅನೇಕ ಸಾಫ್ಟ್‌ವೇರುಗಳಲ್ಲಿ ಅದರ ನಂಬರು 2417. ಎಲ್ಲಿಯೂ ಖಾಲಿ ಜಾಗವಿಲ್ಲ. 2416 ಇದೆ, 2417 ಇದೆ, 2418 ಬರಲಿದೆ. ಒಂದೇ ನಂಬರಿನ ಎರಡು ಬಿಲ್ಲುಗಳು ಊರಿನಲ್ಲಿವೆ. ಆದರೆ ಅವು ಇಬ್ಬರು ಅಪರಿಚಿತರ ಜೇಬಿನಲ್ಲಿವೆ, ಎದುರುಬದುರು ಆಗುವುದೇ ಇಲ್ಲ.

ಬುಕ್ಕಿನಲ್ಲಿ ಇದನ್ನು ಮಾಡಲು ಅವನು ನಕಲನ್ನು ಕೀಳಬೇಕಿತ್ತು, ಕಿತ್ತರೆ ನಂಬರು ತಪ್ಪುತ್ತಿತ್ತು. ಸಾಫ್ಟ್‌ವೇರಿನಲ್ಲಿ ನಂಬರು ಅವನಿಗಾಗಿ ಮುಚ್ಚಿಕೊಂಡಿತು. ಬಿಲ್ಲನ್ನೇ ಮಾಡದೆ ಹಣ ಜೇಬಿಗೆ ಹಾಕಿದ್ದರೆ ಎರಡೂ ವ್ಯವಸ್ಥೆಗಳು ಸೋಲುತ್ತಿದ್ದವು, ಅದು ಬೇರೆ ಮಾತು. ಆದರೆ ಬಿಲ್ ಕೇಳುವ ಗಿರಾಕಿಗೆ ಬಿಲ್ ಕೊಟ್ಟೂ ಹಣ ಹೊಡೆಯುವ ದಾರಿ ಈಗ ತೆರೆದಿದೆ. ಗಿರಾಕಿ ಅಂಗಡಿಯ ಕ್ಯೂಆರ್ ಕೋಡಿಗೆ ಹಣ ಹಾಕಿದ್ದರೆ ಬ್ಯಾಂಕಿನಲ್ಲಿ 3,260 ಇದ್ದು ಬಿಲ್ ಇಲ್ಲದೆ ಸಿಕ್ಕಿಬೀಳುತ್ತಿತ್ತು. ನಗದಾದ್ದರಿಂದ ಉಳಿದ ದಾರಿ ಒಂದೇ: ಗೋಡೌನಿನಲ್ಲಿ ಪೈಪು ಎಣಿಸಬೇಕು. ಆದರೆ ಬಿಲ್ ಅಳಿಸಿದಾಗ ಸ್ಟಾಕೂ ಕಂಪ್ಯೂಟರಿನಲ್ಲಿ ವಾಪಸ್ ಏರಿರುತ್ತದೆ. ಕೊರತೆ ಕಾಣುವುದು ಮಾರ್ಚಿನ ಎಣಿಕೆಯಲ್ಲಿ. ಅಷ್ಟರಲ್ಲಿ ಅದು ಯಾವ ದಿನದ್ದು, ಯಾರದ್ದು ಎಂದು ಹೇಳಲಾಗದು.

‘ಸಾರ್, ಹಾಗೆ ಅಳಿಸುವುದಕ್ಕೆ ಆಗಲ್ಲ, ಅದರಲ್ಲಿ ಎಲ್ಲಾ ರೆಕಾರ್ಡ್ ಇರುತ್ತೆ’ ಎಂದು ಮಾಲೀಕರು ಹೇಳುತ್ತಾರೆ. ಇರಬಹುದು, ಇಟ್ಟಿದ್ದರೆ. ಟ್ಯಾಲಿಯಂಥ ಪಳಗಿದ ಸಾಫ್ಟ್‌ವೇರಿನಲ್ಲಿ ಎರಡು ಬೇರೆ ಬೇರೆ ಕೀಲಿಗಳಿವೆ. `Alt+X` ಒತ್ತಿದರೆ ಬಿಲ್ ರದ್ದಾಗುತ್ತದೆ, ಆದರೆ ನಂಬರು ತನ್ನ ಜಾಗದಲ್ಲೇ ಉಳಿಯುತ್ತದೆ. `Alt+D` ಒತ್ತಿದರೆ ಬಿಲ್ಲೇ ಹೋಗುತ್ತದೆ. ಹಿಂದಿನ ಆವೃತ್ತಿಗಳಲ್ಲಿ ಆಟೊಮ್ಯಾಟಿಕ್ ನಂಬರಿಂಗ್ ಇಟ್ಟು ನಡುವಿನ ಬಿಲ್ ಅಳಿಸಿದರೆ ಮುಂದಿನ ಬಿಲ್ಲುಗಳೆಲ್ಲ ಒಂದೊಂದು ನಂಬರು ಹಿಂದಕ್ಕೆ ಸರಿಯುತ್ತಿದ್ದವು. ಗಿರಾಕಿಯ ಕೈಯಲ್ಲಿರುವ ಬಿಲ್ಲಿನ ನಂಬರಿಗೂ ಅಂಗಡಿಯ ಲೆಕ್ಕದ ನಂಬರಿಗೂ ಸಂಬಂಧವೇ ಕಡಿಯುತ್ತಿತ್ತು. ಈಗ `Retain Original Voucher No.` ಎಂಬ ಆಯ್ಕೆ ಇದೆ, ತಿದ್ದಿದ ದಾಖಲೆ ಇಡುವ ಎಡಿಟ್ ಲಾಗ್ ಇದೆ. ಆದರೆ ಅದು ಆಯ್ಕೆ. ಅಂಗಡಿಗೆ ಸಾಫ್ಟ್‌ವೇರ್ ಹಾಕಿಕೊಡಲು ಬಂದವನು ಅರ್ಧ ದಿನದಲ್ಲಿ ಐಟಂ ಪಟ್ಟಿ ತುಂಬಿಸಿ, ಪ್ರಿಂಟರ್ ಜೋಡಿಸಿ, ಲೋಗೊ ಕೂರಿಸಿ ಹೋಗುತ್ತಾನೆ. ನಂಬರು ಅಳಿಸಿದರೆ ಏನಾಗಬೇಕು ಎಂದು ಅವನು ಕೇಳುವುದಿಲ್ಲ, ಮಾಲೀಕರಿಗೆ ಕೇಳಬೇಕೆಂದು ಗೊತ್ತಿಲ್ಲ. ಎಲ್ಲರೂ ಒಂದೇ ಪಾಸ್‌ವರ್ಡಿನಲ್ಲಿ, ಮಾಲೀಕರ ಅಧಿಕಾರದಲ್ಲೇ ಕೆಲಸ ಮಾಡುತ್ತಾರೆ. ಹಾಗಿರುವಾಗ ಲಾಗ್ ಇದ್ದರೂ ಅದರಲ್ಲಿ ಇರುವುದು ಒಂದೇ ಹೆಸರು.

ಎಡಿಟ್ ಲಾಗ್ ಕಂಪನಿಗಳಿಗೆ ಮಾತ್ರ ಎಂಬ ನಂಬಿಕೆ ಅಂಗಡಿ ವಲಯದಲ್ಲಿ ಗಟ್ಟಿಯಾಗಿ ಬೇರೂರಿದೆ. 2023ರ ಏಪ್ರಿಲ್ 1ರಿಂದ ಕಂಪನಿ ಕಾನೂನಿನಡಿ ಆಡಿಟ್ ಟ್ರೇಲ್ ಕಡ್ಡಾಯವಾದಾಗ ಎಲ್ಲ ಪತ್ರಿಕೆಗಳಲ್ಲಿ ಅದು ಕಂಪನಿಗಳ ಸುದ್ದಿಯಾಗಿ ಬಂತು, ಆ ನಂಬಿಕೆಗೆ ಅದೇ ಬಲ. ಆದರೆ 2017ರ ಜಿಎಸ್‌ಟಿ ನಿಯಮಗಳಲ್ಲಿ 56(8)ನೆಯ ನಿಯಮ ಮೊದಲಿನಿಂದಲೂ ಇದೆ. ಲೆಕ್ಕದ ಪುಸ್ತಕದಲ್ಲಿ ಯಾವ ನಮೂದನ್ನೂ ಅಳಿಸಬಾರದು, ಕೆರೆಯಬಾರದು, ಮೇಲೆ ತಿದ್ದಿ ಬರೆಯಬಾರದು. ತಪ್ಪಿದ್ದರೆ ಗೆರೆ ಹೊಡೆದು ಸಹಿ ಹಾಕಿ, ಆಮೇಲೆ ಸರಿಯಾದದ್ದನ್ನು ಬರೆಯಬೇಕು. ಲೆಕ್ಕ ಕಂಪ್ಯೂಟರಿನಲ್ಲಿದ್ದರೆ ತಿದ್ದಿದ, ಅಳಿಸಿದ ಪ್ರತಿ ನಮೂದಿನ ಲಾಗ್ ಇಡಬೇಕು. ನೋಂದಣಿ ಪಡೆದ ಹಾರ್ಡ್‌ವೇರ್ ಅಂಗಡಿಗೂ ಇದು ಅನ್ವಯ. ಈ ನಿಯಮ ಬರೆದವರು ಬುಕ್ಕಿನ ಗುಣ ಏನೆಂದು ಸರಿಯಾಗಿ ಗ್ರಹಿಸಿ, ಅದನ್ನೇ ಕಂಪ್ಯೂಟರಿನಿಂದ ಕೇಳಿದ್ದಾರೆ. ಸಾಫ್ಟ್‌ವೇರ್ ಬಂದರೆ ಲೆಕ್ಕ ತಾನಾಗಿ ಸರಿಹೋಗುತ್ತದೆ ಎನ್ನುವವರು ಈ ನಿಯಮವನ್ನು ಓದಿದ್ದರೆ, ಕಾನೂನಿಗೇ ಆ ‘ತಾನಾಗಿ’ಯಲ್ಲಿ ನಂಬಿಕೆ ಇಲ್ಲವೆಂದು ತಿಳಿಯುತ್ತಿತ್ತು.

ಹೊರದೇಶಗಳ ಅನುಭವವೂ ಇದನ್ನೇ ಹೇಳುತ್ತದೆ. ಫ್ರಾನ್ಸ್ 2018ರಿಂದ ಬಿಲ್ಲಿಂಗ್ ಸಾಫ್ಟ್‌ವೇರಿನಲ್ಲಿ ದಾಖಲಾದದ್ದನ್ನು ಬದಲಿಸಲಾಗದಂತೆ ಇರಬೇಕೆಂದು ಕಡ್ಡಾಯ ಮಾಡಿತು. ಜರ್ಮನಿ 2020ರಿಂದ ಎಲೆಕ್ಟ್ರಾನಿಕ್ ಗಲ್ಲಾಪೆಟ್ಟಿಗೆಗಳಿಗೆ ಪ್ರತಿ ವಹಿವಾಟಿಗೂ ಮುದ್ರೆ ಒತ್ತುವ ಭದ್ರತಾ ಸಾಧನವನ್ನು ಕಡ್ಡಾಯ ಮಾಡಿತು. ಕೆನಡಾದ ಕ್ಯೂಬೆಕ್ ಪ್ರಾಂತ್ಯ ಅದಕ್ಕೂ ಮುಂಚೆ, 2011ರಲ್ಲೇ, ಹೋಟೆಲುಗಳಿಗೆ ಇಂಥದ್ದನ್ನು ತಂದಿತ್ತು. ಅಲ್ಲೆಲ್ಲ ಅಂಗಡಿಗಳು ನಮಗಿಂತ ಎಷ್ಟೋ ಮುಂಚೆ ಕಂಪ್ಯೂಟರಿಗೆ ಹೋಗಿದ್ದವು. ಬಿಲ್ ಅಳಿಸಿ ನಂಬರು ಸರಿಮಾಡುವ ತಂತ್ರಾಂಶಗಳೂ ಅಲ್ಲೇ ಹುಟ್ಟಿದ್ದವು. ಅಚ್ಚಾದ ನಂಬರಿನ ಗುಣವನ್ನು ಕಂಪ್ಯೂಟರಿಗೆ ಮರಳಿ ತರಲು ಅವರು ಕಾನೂನು ಮಾಡಬೇಕಾಯಿತು.

ನಕಲು ಪ್ರತಿಯ ವಿಷಯದಲ್ಲಿ ಸಾಮಾನ್ಯ ಅಭಿಪ್ರಾಯ ಇನ್ನೂ ಹೆಚ್ಚು ಎಡವುತ್ತದೆ. ‘ನಕಲು ಯಾಕೆ ಬೇಕು, ಯಾವಾಗ ಬೇಕಾದರೂ ರೀಪ್ರಿಂಟ್ ತೆಗೆಯಬಹುದಲ್ಲ’ ಎನ್ನುತ್ತಾರೆ. ಕಾರ್ಬನ್ ನಕಲು ಮತ್ತು ರೀಪ್ರಿಂಟ್ ಒಂದೇ ಜಾತಿಯ ವಸ್ತುಗಳಲ್ಲ. ನಕಲು ಹುಟ್ಟುವುದು ಮೂಲದ ಜೊತೆಗೇ, ಅದೇ ಕ್ಷಣದಲ್ಲಿ, ಅದೇ ಕೈಯ ಒತ್ತಿಗೆ. ಆ ಕ್ಷಣದಲ್ಲಿ ನಡೆದದ್ದಕ್ಕೆ ಅದು ಸಾಕ್ಷಿ. ರೀಪ್ರಿಂಟ್ ಎಂದರೆ ಈ ಗಳಿಗೆಯಲ್ಲಿ ಕಂಪ್ಯೂಟರಿನಲ್ಲಿ ಏನಿದೆಯೋ ಅದರ ಹೊಸ ಚಿತ್ರ. ಸೋಮವಾರದ 2409ನೆಯ ಬಿಲ್ಲನ್ನು ಗುರುವಾರ 3,260ರಿಂದ 2,260ಕ್ಕೆ ತಿದ್ದಿದ್ದರೆ ಶುಕ್ರವಾರದ ರೀಪ್ರಿಂಟಿನಲ್ಲಿ ಸೋಮವಾರದ ತಾರೀಖು ಇರುತ್ತದೆ, 2,260 ಇರುತ್ತದೆ, ನಡುವೆ ಏನೂ ನಡೆಯದ ಹಾಗೆ ಅಚ್ಚುಕಟ್ಟಾಗಿ ಇರುತ್ತದೆ. ಗಿರಾಕಿಯ ಕೈಯ ಮೂಲ ಬಿಲ್ ಥರ್ಮಲ್ ಕಾಗದದ್ದು. ಬಿಸಿಲಿಗೆ, ಬಿಸಿಗೆ ಕೆಲವೇ ತಿಂಗಳಲ್ಲಿ ಬಿಳಿಚಿಕೊಳ್ಳುತ್ತದೆ. ಆರು ತಿಂಗಳಾದ ಮೇಲೆ ಗ್ಯಾರಂಟಿಯ ಜಗಳಕ್ಕೆ ಅವನು ಬಂದರೆ ಅವನ ಬಳಿ ಖಾಲಿ ಕಾಗದ, ಅಂಗಡಿಯವರ ಬಳಿ ತಿದ್ದಿದ ಚಿತ್ರ. ಪ್ರಾಮಾಣಿಕ ಮಾಲೀಕರಿಗೆ ಇದರಿಂದ ಆಗುವ ನಷ್ಟವೇ ದೊಡ್ಡದು: ಗಿರಾಕಿ ಸುಳ್ಳು ಹೇಳುತ್ತಿದ್ದಾನೋ, ತಮ್ಮ ಹುಡುಗ ತಿದ್ದಿದ್ದಾನೋ ಎಂದು ಅವರಿಗೇ ತಿಳಿಯುವ ದಾರಿ ಇಲ್ಲ.

ಸಾಫ್ಟ್‌ವೇರಿನ ಪರವಾಗಿ ಹೇಳಬೇಕಾದದ್ದನ್ನು ಹೇಳದೆ ಬಿಟ್ಟರೆ ಅನ್ಯಾಯ. ಕೂಡುವ ತಪ್ಪು ನಿಂತಿತು, ಅದು ಸಣ್ಣ ಲಾಭವಲ್ಲ. ಒಂದೇ ಬಿಲ್ಲಿನಲ್ಲಿ ಎರಡು ಮೂರು ತೆರಿಗೆ ದರಗಳು ಬಂದಾಗ ಕೈಯಲ್ಲಿ ಬರೆಯುವವನು ತಪ್ಪದೆ ಇರುವುದು ಕಷ್ಟ. ಉದ್ರಿ ಖಾತೆ, ಯಾರ ಬಾಕಿ ಎಷ್ಟು ಹಳೆಯದು, ಜಿಎಸ್‌ಟಿಆರ್-1ಕ್ಕೆ ಬೇಕಾದ ಪಟ್ಟಿ, ಇವೆಲ್ಲ ಬುಕ್ಕಿನಿಂದ ತೆಗೆಯಲು ತಿಂಗಳ ಕೊನೆಯ ರಾತ್ರಿಗಳು ಹೋಗುತ್ತಿದ್ದವು. ಹಾಗಾಗಿ ಬುಕ್ಕಿಗೆ ಮರಳಿ ಎಂದು ನಾನು ಹೇಳುತ್ತಿಲ್ಲ. ಸಾಫ್ಟ್‌ವೇರ್ ಇರಲಿ, ಅದರಲ್ಲಿ ತಪ್ಪಿಹೋದ ಒಂದು ಸಂಗತಿಯನ್ನು ಹೊರಗಿನಿಂದ ಕಟ್ಟಿಕೊಳ್ಳಬೇಕು. ಅದು ಕಷ್ಟವೂ ಅಲ್ಲ, ದುಬಾರಿಯೂ ಅಲ್ಲ.

ಆ ಕೆಲಸ ಶುರುವಾಗಬೇಕಾದದ್ದು ಬುಕ್ಕಿನಿಂದ ಸಾಫ್ಟ್‌ವೇರಿಗೆ ದಾಟುವ ದಿನವೇ. ಸಾಮಾನ್ಯವಾಗಿ ಕೊಡುವ ಸಲಹೆ ‘ಒಂದು ತಿಂಗಳು ಎರಡನ್ನೂ ಒಟ್ಟಿಗೆ ನಡೆಸಿ’ ಎಂಬುದು. ಕೇಳಲು ಜಾಗ್ರತೆಯ ಮಾತು, ಮಾಡಿದರೆ ಗೋಜಲು. ಒಂದೇ ವ್ಯಾಪಾರಕ್ಕೆ ಎರಡು ನಂಬರು ಬೀಳುತ್ತವೆ. ಗಿರಾಕಿಗೆ ಯಾವುದು ಹೋಯಿತು ಎಂಬುದು ಆ ದಿನದ ಗದ್ದಲದ ಮೇಲೆ ನಿಂತಿರುತ್ತದೆ. ತಿಂಗಳ ಕೊನೆಗೆ ಕೆಲವು ಬಿಲ್ಲು ಎರಡು ಸಲ ಸೇರುತ್ತವೆ, ಕೆಲವು ಒಂದು ಸಲವೂ ಸೇರುವುದಿಲ್ಲ. ಜಿಎಸ್‌ಟಿ ನಿಯಮ 46ರ ಪ್ರಕಾರ ಬಿಲ್ ನಂಬರು ಅನುಕ್ರಮವಾಗಿರಬೇಕು, 16 ಅಕ್ಷರ ಮೀರಬಾರದು, ಒಂದು ಹಣಕಾಸು ವರ್ಷದಲ್ಲಿ ಮತ್ತೆ ಬರಬಾರದು. ಒಂದಕ್ಕಿಂತ ಹೆಚ್ಚು ಸರಣಿ ಇಟ್ಟುಕೊಳ್ಳಲು ಅದೇ ನಿಯಮದಲ್ಲಿ ಅವಕಾಶ ಇದೆ. ಆದ್ದರಿಂದ ದಾಟುವ ದಿನ ಒಂದು ಗೆರೆ ಎಳೆಯಬೇಕು. ಬುಕ್ಕಿನಲ್ಲಿ 1523ನೆಯ ಬಿಲ್ ಕೊನೆಯದಾದರೆ ಅದರ ಕೆಳಗೆ ತಾರೀಖು ಹಾಕಿ ಸಹಿ ಮಾಡಿ, 1524ರಿಂದ 1550ರವರೆಗಿನ ಹಾಳೆಗಳಿಗೆ ಅಡ್ಡಗೆರೆ ಹೊಡೆದು, ಹರಿಯದೆ ಬುಕ್ಕನ್ನು ಹಾಗೇ ಇಡಬೇಕು. ಮರುದಿನ ಸಾಫ್ಟ್‌ವೇರಿನಲ್ಲಿ `S/25-26/0001` ಎಂದು ಬೇರೆ ಸರಣಿ ಶುರುವಾಗಬೇಕು. ಲೆಕ್ಕದ ದಾಖಲೆಗಳನ್ನು ಆ ವರ್ಷದ ವಾರ್ಷಿಕ ರಿಟರ್ನಿನ ಗಡುವಿನಿಂದ 72 ತಿಂಗಳು ಇಟ್ಟುಕೊಳ್ಳಬೇಕೆಂದು ಕಾನೂನು ಹೇಳುವುದರಿಂದ ಆ ಬುಕ್ಕುಗಳಿಗೆ ಅಟ್ಟದಲ್ಲಿ ಇನ್ನೂ ಜಾಗ ಬೇಕು.

ಕರೆಂಟು ಹೋದಾಗ ಏನು ಎಂಬ ಪ್ರಶ್ನೆಗೂ ಇಲ್ಲೇ ಉತ್ತರವಿದೆ. ಈಗ ನಡೆಯುತ್ತಿರುವುದು: ಚೀಟಿಯಲ್ಲಿ ಬರೆದು ಕೊಡುವುದು, ಕರೆಂಟು ಬಂದ ಮೇಲೆ ಕಂಪ್ಯೂಟರಿಗೆ ಹಾಕುವುದು. ಗಿರಾಕಿಯ ಚೀಟಿಗೆ ನಂಬರಿಲ್ಲ, ಕಂಪ್ಯೂಟರಿನ ಬಿಲ್ ಗಿರಾಕಿಗೆ ತಲುಪಿಲ್ಲ. ಹಾಕಲು ಮರೆತರೆ ಮರೆತದ್ದು ಗೊತ್ತಾಗುವುದೂ ಇಲ್ಲ. ಅದರ ಬದಲು ನಂಬರು ಅಚ್ಚಾದ ಒಂದು ಬುಕ್ಕನ್ನು `M/25-26/001` ಎಂಬ ಮೂರನೆಯ ಸರಣಿಯಾಗಿ ಕೌಂಟರಿನಲ್ಲೇ ಇಟ್ಟು, ಆಮೇಲೆ ಅದೇ ನಂಬರಿನಲ್ಲೇ ಕಂಪ್ಯೂಟರಿಗೆ ಏರಿಸಿದರೆ ಸಾಕು. ಸಾಫ್ಟ್‌ವೇರಿನಲ್ಲಿ ಆ ಸರಣಿಗೆ ನಂಬರನ್ನು ಕೈಯಲ್ಲಿ ತುಂಬುವ ವ್ಯವಸ್ಥೆ ಮಾಡಬೇಕು, ಅಷ್ಟೆ. ಕಚ್ಚಾ ಬಿಲ್ಲಿಗೂ ಇದೇ ಮಾತು. ‘ಎಸ್ಟಿಮೇಟ್’ ಎಂದು ಮೇಲೆ ಅಚ್ಚಾಗಿ ಬರುವ ಚೀಟಿಗೆ ಲೆಕ್ಕದ ನಂಬರು ಬೀಳದ ಹಾಗೆ ಅನೇಕ ಸಾಫ್ಟ್‌ವೇರುಗಳಲ್ಲಿ ಬೇರೆ ಕಿಂಡಿ ಇರುತ್ತದೆ. ಅದರಿಂದ ಸರಕು ಹೊರಗೆ ಹೋಗುತ್ತಿದ್ದರೆ ಉಳಿದ ಯಾವ ಶಿಸ್ತಿಗೂ ಅರ್ಥವಿಲ್ಲ.

ಇನ್ನು ದಿನದ ಕೆಲಸ. ಅಂಗಡಿ ಮುಚ್ಚುವಾಗ ಮಾಲೀಕರು ಕಂಪ್ಯೂಟರಿನ ಹೊರಗೆ, ಒಂದು ನೋಟ್‌ಬುಕ್ಕಿನಲ್ಲಿ, ತಮ್ಮ ಕೈಯಾರೆ ಬರೆಯಬೇಕಾದದ್ದು ಮೂರೇ ಸಂಗತಿ: ಇವತ್ತಿನ ಮೊದಲ ಬಿಲ್ ನಂಬರು, ಕೊನೆಯ ಬಿಲ್ ನಂಬರು, ರದ್ದಾದವು ಯಾವುವು. ಪಕ್ಕದಲ್ಲಿ ನಗದು, ಯುಪಿಐ, ಉದ್ರಿ ಸೇರಿ ಒಟ್ಟು ಎಷ್ಟು. ಮೇಲಿನ ಪ್ರಕರಣಕ್ಕೆ ಇದನ್ನು ಹಚ್ಚಿ ನೋಡಿ. ರಾತ್ರಿ 2417ಕ್ಕೆ ಮುಗಿಯಿತು ಎಂದು ಬರೆದಿಟ್ಟ ಮೇಲೆ ಯಾರಾದರೂ ಅದನ್ನು ಅಳಿಸಿದರೆ, ಬೆಳಗಿನ ಮೊದಲ ಬಿಲ್ 2418 ಆಗುವ ಬದಲು 2417 ಆಗುತ್ತದೆ. ಮರುದಿನದ ಸಾಲು ತೆರೆಯುವಾಗಲೇ ಸಿಕ್ಕಿತು. ನಡುವಿನ ಬಿಲ್ ಅಳಿಸಿ ನಂಬರುಗಳು ಸರಿದರೂ ಬರೆದಿಟ್ಟ ಕೊನೆಯ ನಂಬರಿಗೆ ಹೊಂದುವುದಿಲ್ಲ. ಹಳೆಯ ಬಿಲ್ಲಿನ ಮೊತ್ತ ತಿದ್ದಿದರೆ ನಂಬರು ಸುಮ್ಮನಿರುತ್ತದೆ, ಆದರೆ ಆ ದಿನದ ಒಟ್ಟು ಮೊತ್ತ ಮಾತಾಡುತ್ತದೆ. ಇದು ಕಂಡಕ್ಟರಿನ ವೇ ಬಿಲ್ಲೇ. ನಂಬರನ್ನು ಹಿಡಿದಿಟ್ಟವನು ಬೇರೆ, ಬಿಲ್ ಮಾಡಿದವನು ಬೇರೆ.

ಇದರ ಮಿತಿಯನ್ನೂ ಹೇಳಬೇಕು. ನೋಟ್‌ಬುಕ್ಕು ಬರೆಯುವುದಕ್ಕೆ ಮುಂಚೆ, ಅದೇ ದಿನದೊಳಗೆ ಕೊನೆಯ ಬಿಲ್ ಅಳಿಸಿ ಮುಂದಿನ ಬಿಲ್ಲಿಗೆ ಅದೇ ನಂಬರು ಕೊಟ್ಟರೆ ಈ ಸಾಲು ಅದನ್ನು ಹಿಡಿಯಲಾರದು. ಅದಕ್ಕೆ ಕೌಂಟರಿನವನ ಲಾಗಿನ್ನಿಗೆ ಅಳಿಸುವ ಅಧಿಕಾರವೇ ಇರಬಾರದು. ತಪ್ಪಿದ ಬಿಲ್ಲನ್ನು ಮಾಲೀಕರು ತಮ್ಮ ಪಾಸ್‌ವರ್ಡಿನಿಂದ ರದ್ದು ಮಾಡಬೇಕು, ಗಿರಾಕಿಯಿಂದ ವಾಪಸ್ ಪಡೆದ ಮೂಲ ಬಿಲ್ಲನ್ನು ಆ ದಿನದ ಹಾಳೆಗೆ ಪಿನ್ ಮಾಡಬೇಕು. ಬುಕ್ಕಿನ ಕಾಲದಲ್ಲಿ ರದ್ದಾದ ಬಿಲ್ಲಿನ ಬಿಳಿ ಹಾಳೆಯನ್ನು ನಕಲಿಗೆ ಪಿನ್ ಮಾಡುತ್ತಿದ್ದದ್ದೂ ಇದಕ್ಕೇ: ಮೂಲವಿಲ್ಲದ ರದ್ದು ರದ್ದಲ್ಲ. ಮಾಲೀಕರೇ ವ್ಯಾಪಾರ ಮುಚ್ಚಿಡಲು ಹೊರಟರೆ ಈ ಯಾವ ಕ್ರಮವೂ ತಡೆಯುವುದಿಲ್ಲ, ಬುಕ್ಕೂ ತಡೆಯುತ್ತಿರಲಿಲ್ಲ.

‘ಇಷ್ಟೆಲ್ಲ ಯಾರು ನೋಡುತ್ತಾರೆ’ ಎಂಬ ಮಾತು ಉಳಿಯುತ್ತದೆ. ಜಿಎಸ್‌ಟಿಆರ್-1ರ 13ನೆಯ ಪಟ್ಟಿಯಲ್ಲಿ ಆ ಅವಧಿಯ ಬಿಲ್ಲುಗಳ ಮೊದಲ ನಂಬರು, ಕೊನೆಯ ನಂಬರು, ಒಟ್ಟು, ರದ್ದಾದವು, ನಿಜವಾಗಿ ಕೊಟ್ಟವು ಎಂದು ಸರಣಿವಾರು ಕೇಳುತ್ತಾರೆ. 2025ರಲ್ಲಿ ಅದನ್ನು ತುಂಬುವುದು ಕಡ್ಡಾಯವಾಯಿತು. ರದ್ದಾದವು ಸೊನ್ನೆ ಎಂದು ಕಣ್ಣು ಮುಚ್ಚಿ ತುಂಬಿ ಕಳಿಸುವ ರೂಢಿ ಇದೆ. ವರ್ಷವಿಡೀ ವ್ಯಾಪಾರ ಮಾಡಿದ ಅಂಗಡಿಯಲ್ಲಿ ಒಂದು ಬಿಲ್ಲೂ ರದ್ದಾಗಿಲ್ಲ ಎಂದರೆ ಅಲ್ಲಿ ಬಿಲ್ಲುಗಳನ್ನು ರದ್ದು ಮಾಡುತ್ತಿಲ್ಲ, ಅಳಿಸುತ್ತಿದ್ದಾರೆ ಎಂದೇ ನಾನು ಓದುತ್ತೇನೆ. ಅಧಿಕಾರಿಯೂ ಹಾಗೆ ಓದಿದರೆ ತಪ್ಪೇನಿಲ್ಲ. ಕಾಂಪೊಸಿಷನ್ ಅಂಗಡಿಗಳ ರಿಟರ್ನಿನಲ್ಲಿ ಈ ಪಟ್ಟಿಯೇ ಇಲ್ಲ. ಅಲ್ಲಿ ಮಾಲೀಕರ ನೋಟ್‌ಬುಕ್ಕು ಬಿಟ್ಟರೆ ನಂಬರು ಕಾಯುವವರು ಯಾರೂ ಇಲ್ಲ. 2025ರ ಜುಲೈನಲ್ಲಿ ಯುಪಿಐ ಜಮೆಗಳನ್ನು ನೋಡಿ ವಾಣಿಜ್ಯ ತೆರಿಗೆ ಇಲಾಖೆ ನಮ್ಮ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕೊಟ್ಟಾಗ, ಬಂದ ಹಣದಲ್ಲಿ ವ್ಯಾಪಾರದ್ದೆಷ್ಟು, ತೆರಿಗೆ ಇಲ್ಲದ ಸರಕಿನದ್ದೆಷ್ಟು, ಕೈಗಡದ್ದೆಷ್ಟು ಎಂದು ಬೇರ್ಪಡಿಸಿ ತೋರಿಸುವ ಹೊಣೆ ಅಂಗಡಿಯವರ ತಲೆಗೇ ಬಂತು. ಆ ದಿನವೇ ಬರೆದ, ಆಮೇಲೆ ತಿದ್ದಿಲ್ಲವೆಂದು ತೋರಿಸಬಹುದಾದ ದಾಖಲೆಯಷ್ಟು ಗಟ್ಟಿಯಾದ ಉತ್ತರ ಅಂಥ ನೋಟಿಸಿಗೆ ಬೇರೆ ಇಲ್ಲ.

ಆದ್ದರಿಂದ ಬಿಲ್ಲಿಂಗ್ ಸಾಫ್ಟ್‌ವೇರ್ ಕೊಳ್ಳಲು ಹೊರಟಿರುವ ಅಂಗಡಿಯವರಲ್ಲಿ ನನ್ನದೊಂದು ಕೋರಿಕೆ. ಮಾರುವವರು ಡೆಮೊ ತೋರಿಸಲು ಬಂದಾಗ ಅವರ ಎದುರಿಗೇ ಮೂರು ಬಿಲ್ ಮಾಡಿ. ಮೂರನೆಯದನ್ನು ಅಳಿಸಿ, ಇನ್ನೊಂದು ಹೊಸ ಬಿಲ್ ಮಾಡಿ, ಅದಕ್ಕೆ ಯಾವ ನಂಬರು ಬಂತೆಂದು ನೋಡಿ. ಆಮೇಲೆ ಎರಡನೆಯ ಬಿಲ್ಲಿನ ಮೊತ್ತ ತಿದ್ದಿ ರೀಪ್ರಿಂಟ್ ತೆಗೆಸಿ, ತಿದ್ದಿದ್ದು ಎಲ್ಲಿ ದಾಖಲಾಗಿದೆ ಎಂದು ತೋರಿಸಲು ಹೇಳಿ. ಹೊಸ ಬಿಲ್ಲಿಗೆ ಮತ್ತೆ ಮೂರನೆಯ ನಂಬರೇ ಬಂದರೆ, ತಿದ್ದಿದ್ದಕ್ಕೆ ಎಲ್ಲೂ ಗುರುತಿಲ್ಲದಿದ್ದರೆ, ಅದನ್ನು ತಡೆಯುವ ಆಯ್ಕೆಯನ್ನು ಅಲ್ಲೇ ಹಾಕಿಸಿಕೊಳ್ಳಿ. ಅಂಥ ಆಯ್ಕೆಯೇ ಅದರಲ್ಲಿ ಇಲ್ಲವೆಂದರೆ ಅದನ್ನು ಕೊಳ್ಳಬೇಡಿ. ನಿಮ್ಮ ಬಿಲ್ ಬುಕ್ಕು ಅದಕ್ಕಿಂತ ಮೇಲು.